ಪದಚರ್ಚೆ: "ಬೆಸ್ಟ್ ಬಿಫೋರ್", "ಎಕ್ಸ್‌ಪೈರಿ" ಎರಡಕ್ಕೂ "ಅವಧಿ" ಎಂಬ ಒಂದೇ ಪದ ಸಾಕೇ?

ಪ್ರಶ್ನೆ
ಮಾನ್ಯರೇ, ಪೊಟ್ಟಣದ ಆಹಾರಗಳ ಮೇಲಿನ ಬರಹವನ್ನು ಕನ್ನಡಕ್ಕೆ ತರುವಾಗ ತೊಡಕೊಂದು ಎದುರಾಗಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ 10-01-2025 ಎಂದೂ, ಕೆಳಗೆ "ಬೆಸ್ಟ್ ಬಿಫೋರ್ 6 ತಿಂಗಳು" ಎಂದೂ ಇದೆ. "6 ತಿಂಗಳ ಮೊದಲು ಉತ್ತಮ" ಎಂದು ಬರೆದು ಓದಿದರೆ, ಆರು ತಿಂಗಳ ಹಿಂದೆ ಚೆನ್ನಾಗಿತ್ತು, ಈಗಿಲ್ಲ ಎಂದಾಗುತ್ತದೆ! ಇದಕ್ಕೂ "ಎಕ್ಸ್‌ಪೈರಿ"ಗೂ "ಅವಧಿ ಮುಗಿಯುವ ದಿನಾಂಕ" ಎಂದೇ ಬರೆಯಬಹುದೇ?

ಉತ್ತರ 1
ಧಾರಾಳವಾಗಿ ಬರೆಯಿರಿ. ಎರಡೂ ಮಾರುವವರ ಎಚ್ಚರಿಕೆಯ ಮಾತುಗಳೇ. ತೆರೆದು ಮೂಸಿದರೆ ಕೆಟ್ಟಿದೆಯೋ ಇಲ್ಲವೋ ತಿಳಿಯುತ್ತದೆ.

ಉತ್ತರ 2
ಹಲವು ವರ್ಷ ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದವನಾಗಿ ಇದನ್ನು ಒಪ್ಪಲಾರೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆಯೂ ಇವೆರಡನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಮೊದಲನೆಯದು ಗುಣದ ಮಾತು. ನಿಮ್ಮ ಬಿಸ್ಕತ್ತಿಗೆ ಅದು 2025ರ ಜುಲೈ 10ಕ್ಕೆ ಮುಗಿಯುತ್ತದೆ. ಆಮೇಲೆ ಅದು ಮೆತ್ತಗಾಗಬಹುದು, ಅದರಲ್ಲಿನ ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಮಟು ವಾಸನೆ ಹಿಡಿಯಬಹುದು. ಪೊಟ್ಟಣ ಒಡೆದಿರದೆ, ತಣ್ಣನೆಯ ಒಣ ಜಾಗದಲ್ಲಿದ್ದರೆ, ಅಲ್ಲಿ ಮೂಗು ನಿಜಕ್ಕೂ ನೆರವಾಗುತ್ತದೆ. ಎರಡನೆಯದು ಸುರಕ್ಷತೆಯ ಗಡುವು. ಬೇಯಿಸಿ ಹೋಳು ಮಾಡಿ ಶೀತದಲ್ಲಿಟ್ಟ ಮಾಂಸದಂಥ ಪದಾರ್ಥದಲ್ಲಿ ಲಿಸ್ಟೀರಿಯಾ ಎಂಬ ಸೂಕ್ಷ್ಮಾಣು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ, ವಾಸನೆಯನ್ನೂ ಬಣ್ಣವನ್ನೂ ಬದಲಿಸದೆಯೇ ಬೆಳೆಯಬಲ್ಲದು. ಆದ್ದರಿಂದ ಆ ಗಡುವು ದಾಟಿದ್ದನ್ನು ಮೂಸಿ ನೋಡದೆ ಎಸೆಯಬೇಕು. ಒಂದಕ್ಕೆ "ಈ ದಿನದೊಳಗೆ ಉತ್ತಮ", ಇನ್ನೊಂದಕ್ಕೆ "ಈ ದಿನದ ನಂತರ ಬಳಸಬಾರದು" ಎಂದು ಪೂರ್ತಿ ಬಿಡಿಸಿ ಬರೆಯಿರಿ. "ಅವಧಿ" ಎಂಬ ಪದವೇ ಇಲ್ಲಿ ಗೊಂದಲದ ಬೇರು.

ಉತ್ತರ 3
ನನ್ನ ಬಳಿಯ ಸಾಸಿನ ಬಾಟಲಿಯಲ್ಲಿ ಇನ್ನೂ ಎಂಟು ತಿಂಗಳಿದೆ, ಆದರೂ ಬಾಯಿಯ ಸುತ್ತ ಬೂಷ್ಟು ಕಟ್ಟಿದೆ. ಹಾಗಾದರೆ ತಯಾರಿಸಿದ ದಿನಾಂಕವೇ ಸುಳ್ಳೇ?

ಉತ್ತರ 2
ಸುಳ್ಳೇನಲ್ಲ. ಮುದ್ರಿತ ದಿನಾಂಕ ಮುಚ್ಚಿದ ಬಾಟಲಿಗೆ ಮಾತ್ರ ಸಲ್ಲುತ್ತದೆ. ಮುಚ್ಚಳ ತೆಗೆದ ಮೇಲೆ "ತೆರೆದ ನಂತರ ಇಷ್ಟು ದಿನ" ಎಂಬ ಇನ್ನೊಂದು ಲೆಕ್ಕ ಹಿಡಿಯಬೇಕು, ಅದು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಬೇರೆಡೆ ಇರುತ್ತದೆ. ಬೂಷ್ಟು ಹಿಡಿದ ಸಾಸನ್ನು ಮೇಲಷ್ಟೇ ಬಳಿದು ತೆಗೆಯದೆ ಪೂರ್ತಿ ಬಿಸಾಡಿ.

ಪ್ರಶ್ನೆ ಕೇಳಿದವರು
ಕೃತಜ್ಞನಾಗಿದ್ದೇನೆ. "ತಯಾರಾದ ದಿನದಿಂದ 6 ತಿಂಗಳೊಳಗೆ ಉತ್ತಮ" ಎಂದು ತಿದ್ದಿದ್ದೇನೆ. ಆದರೆ ಇನ್ನೊಂದು ಪೊಟ್ಟಣದಲ್ಲಿ ದಿನವೇ ಇಲ್ಲದೆ 03/2026 ಎಂದಷ್ಟೇ ಇದೆ. ಅದನ್ನು "ಮಾರ್ಚ್ ಕೊನೆಯವರೆಗೆ" ಎಂದು ಬರೆಯಬೇಕೋ, "ಮಾರ್ಚ್ ಒಳಗೆ" ಎನ್ನಬೇಕೋ?

ಉತ್ತರ 2
ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನವೆಂದೇ ಅರ್ಥ, "ಕೊನೆಯವರೆಗೆ" ಎನ್ನಿ.

ಉತ್ತರ 1
"ಮಾರ್ಚ್ ಒಳಗೆ" ಎಂದರೆ ನಮ್ಮಲ್ಲಿ ಹಲವರಿಗೆ ಮಾರ್ಚ್ ಹುಟ್ಟುವ ಮುನ್ನ ಎಂದೇ ಕೇಳಿಸುತ್ತದೆ. ಹಾಗಿದ್ದರೆ "ಜುಲೈ 10ರೊಳಗೆ" ಎಂದಾಗ 10ನೆಯ ತಾರೀಖು ಸೇರುತ್ತದೆಯೇ, ಇಲ್ಲವೇ? ವ್ಯಾಕರಣ ಬಲ್ಲವರು ಹೇಳಬೇಕು.