ಒಂದೇ ತೊಡೆದೇವು, ಎರಡು ಶುರುವಾತು: ಗೆದ್ದಿದ್ದು ಯಾವುದು?

ಪ್ರಶ್ನೆ (ಶಿರಸಿ): ಅಮ್ಮ ತೊಡೆದೇವು ಮಾಡುವ ರೀಲ್ ಅನ್ನು ಎರಡು ಸಲ ಹಾಕಿದೆ. ಒಂದರಲ್ಲಿ ನಾನು "ನಮಸ್ಕಾರ, ಇವತ್ತು ತೊಡೆದೇವು" ಅಂತ ಶುರು ಮಾಡ್ತೇನೆ. ಇನ್ನೊಂದು ಬಿಸಿ ಮಡಕೆ ಮೇಲೆ ಹಿಟ್ಟಿನ ಬಟ್ಟೆ ಎಳೆಯುವ ಚುಂಯ್ ಸದ್ದಿನಿಂದಲೇ ಶುರು. ನಮಸ್ಕಾರದ್ದು ಶನಿವಾರ ಸಂಜೆ ಹಾಕಿದ್ದೆ, 6,200 ವ್ಯೂಸ್ ಬಂತು. ಮಡಕೆಯದ್ದು ಮಂಗಳವಾರ ಬೆಳಿಗ್ಗೆ, 1,900. ಹಾಗಾದರೆ ನಮಸ್ಕಾರವೇ ಒಳ್ಳೇದು ಅಂತಲಾ?

ಕುಮಟಾದಿಂದ ಒಬ್ಬರು: ವಾರ, ಹೊತ್ತು ಬೇರೆಯಾದರೆ ಹೋಲಿಸೋಕೆ ಆಗಲ್ಲ ಅಕ್ಕಾ. ಎರಡನ್ನೂ ಶನಿವಾರ ಸಂಜೆ 7ಕ್ಕೇ ಹಾಕಿ, ಜಾಸ್ತಿ ವ್ಯೂಸ್ ಬಂದಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಿಬಿಡಿ.

ಅಂಕೋಲಾದಿಂದ ಒಬ್ಬರು: ನನಗೂ ಇದೇ ಆಗಿತ್ತು. ಕರಿ ಈಶಾಡು ಮಾವಿನ ವಿಡಿಯೋಕ್ಕೆ ಕವರ್ ಫೋಟೋ ಬದಲಿಸಿದೆ, ಜನ ಬಂದರು. ಕವರ್ ಬದಲಿಸಿ ನೋಡಿ.

ಕಾರವಾರದ ವಿಡಿಯೋ ಎಡಿಟರ್: ಅಂಕೋಲಾದವರು ಹೇಳಿದ್ದು ಕವರ್ ವಿಷಯ, ಅದು ಬೇರೆ. ರೀಲ್ಸ್ ಮೇಲೆ ಮೇಲೆ ಸರಿಸುತ್ತಾ ಹೋಗುವವರು ಕವರ್ ನೋಡುವುದೇ ಇಲ್ಲ, ಅವರಿಗೆ ಕಾಣುವುದು ಮೊದಲ ಸೆಕೆಂಡು. ಕುಮಟಾದವರು ಹೊತ್ತಿನ ಬಗ್ಗೆ ಹೇಳಿದ್ದು ಸರಿ, ಆದರೆ ವ್ಯೂಸ್ ಎಣಿಸುವುದು ಸರಿಯಲ್ಲ. ಮೊದಲು ನೋಡಿದವರಲ್ಲಿ ಕೆಲವರು ಶೇರ್ ಮಾಡಿದರೆ ಆ್ಯಪ್ ಅದನ್ನು ಇನ್ನಷ್ಟು ಜನರಿಗೆ ತೋರಿಸಬಹುದು, ಅಲ್ಲಿಂದ ಬೆಳೆಯುತ್ತಾ ಹೋಗಬಹುದು. ಹುಕ್, ಅಂದರೆ ಆ ಶುರುವಾತು, ಎಷ್ಟು ಜನರನ್ನು ಹಿಡಿದಿಟ್ಟಿತು ಅನ್ನುವುದು ವ್ಯೂಸ್‌ನಲ್ಲಿ ಕಾಣುವುದಿಲ್ಲ. ಇನ್‌ಸೈಟ್ಸ್ ತೆರೆದು ಮೊದಲ 3 ಸೆಕೆಂಡಿನಲ್ಲೇ ಎಷ್ಟು ಜನ ಜಾರಿಹೋದರು ಅಂತ ನೋಡಿ ತಂಗೀ. ಸ್ಕಿಪ್ ರೇಟ್ ಅಂತ ಇರುತ್ತದೆ.

ಶಿರಸಿ: ನಮಸ್ಕಾರಕ್ಕೆ ನೂರಕ್ಕೆ 48, ಮಡಕೆಗೆ 37! ಆ ಶನಿವಾರ ದೊಡ್ಡ ಅಡುಗೆ ಪೇಜ್ ಒಂದು ನನ್ನ ರೀಲ್ ಶೇರ್ ಮಾಡಿತ್ತು, ಈಗ ನೆನಪಾಯ್ತು.

ಕಾರವಾರ: ನೋಡಿ, 6,200 ಬಂದಿದ್ದು ಆ ಶೇರ್‌ನಿಂದ ಇರಬಹುದು. ಆದರೆ ಮಡಕೆ ಗೆದ್ದಿತು ಅಂತಲೂ ಈಗಲೇ ಹೇಳಬೇಡಿ. ಆ ಪೇಜಿಂದ ಬಂದವರು ನಿಮ್ಮ ಪರಿಚಯ ಇಲ್ಲದವರು, ಬೇಗ ಸರಿಸಿರಬಹುದು. ಮಂಗಳವಾರ ನೋಡಿದವರಲ್ಲಿ ನಿಮ್ಮ ಫಾಲೋವರ್ಸೇ ಹೆಚ್ಚಿರಬಹುದು, ಅವರು ನಿಮ್ಮ ವಿಡಿಯೋ ಅಂತಲೇ ನಿಂತಿರಬಹುದು.

ಇನ್‌ಸ್ಟಾಗ್ರಾಮಿನಲ್ಲಿ ಟ್ರಯಲ್ ರೀಲ್ ಅಂತ ಇದೆ, 2024ರ ಡಿಸೆಂಬರ್‌ನಲ್ಲಿ ಬಂದಿದ್ದು. ಅದು ಮೊದಲು ಫಾಲೋವರ್ಸ್ ಅಲ್ಲದವರಿಗೆ ಮಾತ್ರ ತೋರಿಸುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಅದರಲ್ಲೇ ಹಾಕಿ. ಎರಡೂ ಶುರುವಾತು ಸರಿಯಾಗಿ 3 ಸೆಕೆಂಡ್ ಇರಲಿ. ಆಮೇಲಿನ ವಿಡಿಯೋ, ಬರಹ, ಹಾಡು, ಹ್ಯಾಶ್‌ಟ್ಯಾಗ್ ಯಾವುದೂ ಬದಲಾಗಬಾರದು. ಒಂದು ಹುಕ್ 2 ಸೆಕೆಂಡ್ ಉದ್ದವಾದರೂ ಸರಾಸರಿ ನೋಡಿದ ಹೊತ್ತು ಏರುಪೇರಾಗುತ್ತದೆ.

ಶಿರಸಿ (ಮರುವಾರ): ನೀವು ಹೇಳಿದ ಹಾಗೇ ಹಾಕಿದೆ ಅಣ್ಣಾ. ನಮಸ್ಕಾರ 420 ವ್ಯೂಸ್, ಸ್ಕಿಪ್ 51. ಮಡಕೆ 390, ಸ್ಕಿಪ್ 43. 8ರ ವ್ಯತ್ಯಾಸ. ಸಾಕಲ್ವಾ?

ಕಾರವಾರ: ತೀರಾ ಅಂಚಿನಲ್ಲಿದೆ. ತಲಾ 400 ವ್ಯೂಸ್ ಇದ್ದಾಗ ನೂರಕ್ಕೆ 7ರವರೆಗಿನ ವ್ಯತ್ಯಾಸ ಸುಮ್ನೆ ಅದೃಷ್ಟದಿಂದಲೂ ಬರುತ್ತದೆ. ಅದನ್ನು ಮೂರೂವರೆಗೆ ಇಳಿಸಬೇಕಾದರೆ ವ್ಯೂಸ್ ನಾಲ್ಕು ಪಟ್ಟು ಬೇಕು, ತಲಾ 1,600. ಇನ್ನೊಮ್ಮೆ ಹಾಕಿ. ಈ ಸಲ ಮಡಕೆಯದ್ದು ಮೊದಲು ಹೋಗಲಿ.

ಕುಮಟಾ: ಒಂದೇ ವಿಡಿಯೋ ಇಷ್ಟು ಸಲ ಹಾಕಿದರೆ ಆ್ಯಪ್ ನಕಲು ಅಂತ ಹಿಂದೆ ತಳ್ಳಲ್ವಾ?

ಕಾರವಾರ: ನನ್ನ ಕೆಲಸದಲ್ಲಿ ಎರಡೂ ಆಗಿದೆ. ಕೆಲವು ಸಲ ಎರಡನೇದು ಬಡವಾಯಿತು, ಕೆಲವು ಸಲ ಅದೇ ಓಡಿತು. ಅದಕ್ಕೇ ಸರದಿ ಬದಲಿಸಿ ಅಂದಿದ್ದು. ನಷ್ಟವಾದರೆ ಎರಡಕ್ಕೂ ಒಂದೊಂದು ಸಲ ಆಗಲಿ.

ಶಿರಸಿ: ಎರಡನೇ ಸುತ್ತು: ನಮಸ್ಕಾರ 410 ವ್ಯೂಸ್, ಸ್ಕಿಪ್ 47. ಮಡಕೆ 450, ಸ್ಕಿಪ್ 45. ವ್ಯತ್ಯಾಸ ಕರಗಿಹೋಯ್ತು ಮಾರಾಯ್ರೇ.

ಕಾರವಾರ: ಪೂರ್ತಿ ಕರಗಿಲ್ಲ. ಎರಡೂ ಸುತ್ತು ಕೂಡಿಸಿದರೆ ನಮಸ್ಕಾರ ಸುಮಾರು 49, ಮಡಕೆ 44. ತಲಾ 830 ವ್ಯೂಸ್‌ಗೆ ಅದೃಷ್ಟದ ಪಾಲು 5ರ ಹತ್ತಿರ. ಮಡಕೆ ಕಡೆ ವಾಲಿದೆ, ಆದರೆ ಖಾತ್ರಿ ಅಲ್ಲ. ಇದೇ ವಿಡಿಯೋವನ್ನು ಇನ್ನು ಹಾಕಬೇಡಿ. ನಿಮಗೆ ಬೇಕಾಗಿದ್ದು ತೊಡೆದೇವಿನ ಉತ್ತರ ಅಲ್ವಲ್ಲ, ಮಾತಿಂದ ಶುರು ಮಾಡೋದಾ ಸದ್ದಿಂದಲಾ ಅನ್ನೋದು. ಮುಂದಿನ ಮೂರು ನಾಲ್ಕು ಬೇರೆ ವಿಡಿಯೋಗಳಲ್ಲಿ ಇದೇ ಜೋಡಿ ಇಡಿ. ಪ್ರತಿ ಸಲವೂ ಸದ್ದೇ ಮುಂದಿದ್ದರೆ ಆಗ ನಂಬಿ.

ಇನ್‌ಸೈಟ್ಸ್‌ನಲ್ಲಿ ಸೆಕೆಂಡು ಕಳೆದಂತೆ ಎಷ್ಟು ಜನ ಉಳಿದರು ಅಂತ ತೋರಿಸುವ ಗೆರೆ ಇರುತ್ತದೆ, ಅದರಲ್ಲಿ ನಾಲ್ಕನೇ ಸೆಕೆಂಡನ್ನೂ ನೋಡಿ. ಅಲ್ಲಿಂದ ಎರಡರಲ್ಲೂ ಇರುವುದು ಒಂದೇ ವಿಡಿಯೋ, ಹಾಗಾಗಿ ಗೆರೆಗಳು ಜೊತೆಜೊತೆಗೇ ಇಳಿಯಬೇಕು. ಮಡಕೆಯ ಗೆರೆ ಅಲ್ಲಿ ಮಾತ್ರ ಧಡಕ್ಕನೆ ಬಿದ್ದಿದ್ದರೆ ಸದ್ದು ಕೇಳಿ ನಿಂತವರಿಗೆ ಮುಂದೆ ಬೇಕಾದ್ದು ಸಿಕ್ಕಿಲ್ಲ.

ಶಿರಸಿ: ಬಿದ್ದಿದೆ ಅಣ್ಣಾ. ಸದ್ದು ಮುಗಿದ ಕೂಡಲೇ ನಾನು ಅಕ್ಕಿ ನೆನೆಸುವ ಮಾತು ಶುರು ಮಾಡಿದ್ದೇನೆ.

ಅಂಕೋಲಾ: ಕವರ್ ಕೂಡ ಒಮ್ಮೆ ಬದಲಿಸಿ ನೋಡಿ, ಅಡ್ಡಿಲ್ಲ.

ಕಾರವಾರ: ಈ ಜೋಡಿ ಮುಗಿಯುವ ತನಕ ಕವರ್ ಮುಟ್ಟಬೇಡಿ. ಮುಂದಿನ ವಿಡಿಯೋ ಯಾವುದು?

ಶಿರಸಿ: ಅಪ್ಪೆಹುಳಿ. ಸಾಸಿವೆ ಸಿಡಿಯುವ ಸದ್ದಿದೆ. ಈ ಸಲ ಸದ್ದಾದ ಮೇಲೆ ಒಗ್ಗರಣೆ ಹುಳಿಗೆ ಬೀಳುವುದನ್ನೇ ಇಡ್ತೇನೆ, ಎರಡರಲ್ಲೂ.