ಆಫ್ ಆಗಿದ್ದ ಲ್ಯಾಪ್‌ಟಾಪ್ ಫೋಟೋಗೆ ಆ್ಯಪ್‌ನ ಪರದೆ ಕೂರಿಸುವುದು: ಅನುಭವ ಹೇಳಿ

ಕೇಳಿದವರು: ಅಂಗಡಿ ಬಿಲ್ಲಿಂಗ್ ಆ್ಯಪ್‌ನ ಜಾಹೀರಾತಿಗೆ ಒಂದು ಲ್ಯಾಪ್‌ಟಾಪ್ ಫೋಟೋ ಇದೆ. ಓರೆಯಾಗಿ ತೆಗೆದದ್ದು. ಪರದೆ ಆಫ್ ಇದೆ, ಎಡಗಡೆಯ ಕಿಟಕಿ ಅದರಲ್ಲಿ ಹೊಳೆಯುತ್ತಿದೆ. ಫೋಟೋಶಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕೂರಿಸಿದೆ. ನಾಲ್ಕೂ ಮೂಲೆ ಸರಿಯಾಗಿವೆ, ಆದರೂ ಸ್ಟಿಕ್ಕರ್ ಅಂಟಿಸಿದ ಹಾಗಿದೆ. ಏನು ಮಾಡಲಿ?

ಡಿಸೈನ್ ಕಲಿಯುತ್ತಿರುವವರು: Distort ಬಿಡಿ, Perspective Warp ಬಳಸಿ, ಅದೇ ಸರಿಯಾದ ಟೂಲ್. ಆಮೇಲೆ ಹಳೆಯ ಪರದೆಯನ್ನು ಕಾಪಿ ಮಾಡಿ ಮೇಲಿಟ್ಟು Multiply ಕೊಡಿ. ಹೊಳಪು ತಾನಾಗಿಯೇ ಬರುತ್ತದೆ. ನನಗೆ ಯಾವಾಗಲೂ ಬಂದಿದೆ.

ಕ್ಯಾಟಲಾಗ್ ಫೋಟೋ ಎಡಿಟರ್: ಕಾಪಿ ಮಾಡಿ ಮೇಲಿಡುವುದು ಸರಿ, Multiply ಸರಿಯಲ್ಲ. ನೀವು ಮಾಡಿದ ಫೋಟೋಗಳಲ್ಲಿ ಪರದೆ ಬೆಳ್ಳಗಿದ್ದಿರಬೇಕು. ಕಪ್ಪು ಪರದೆಗೆ Multiply ಕೊಟ್ಟರೆ ಕೆಳಗಿರುವ ಸ್ಕ್ರೀನ್‌ಶಾಟ್ ಕತ್ತಲಾಗಿಬಿಡುತ್ತದೆ. ಇಲ್ಲಿ Screen ಮೋಡ್ ಬೇಕು. ಪರದೆಯಿಂದ ಬರುವ ಬೆಳಕಿಗೆ ಕಿಟಕಿಯ ಬೆಳಕು ಸೇರಿಕೊಳ್ಳುತ್ತದೆ, ಕಡಿಮೆ ಮಾಡುವುದಿಲ್ಲ, ಅಲ್ವಾ? ನಿಜ ಹೇಳಬೇಕೆಂದರೆ ಪರದೆ ಆಫ್ ಇರುವುದು ನಿಮ್ಮ ಅದೃಷ್ಟ. ಅದರ ಮೇಲೆ ಕಾಣುವುದೆಲ್ಲ ಬರೀ ಪ್ರತಿಫಲನ, ಬೇರೇನೂ ಬೆರೆತಿಲ್ಲ.

Perspective Warp ಅಷ್ಟೇನೂ ಬೇಡ. ಪರದೆ, ಕೀಬೋರ್ಡ್ ಎರಡೂ ಸಮತಲಗಳನ್ನು ಒಟ್ಟಿಗೆ ತಿರುಗಿಸಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ. ಒಂದೇ ಚಪ್ಪಟೆ ಪರದೆಗೆ Distort ಸಾಕು.

ನಾನು ಮಾಡುವ ಕ್ರಮ ಹೀಗೆ. ಮೊದಲು ಅಳತೆ ನೋಡುತ್ತೇನೆ. ನಿಮ್ಮ ಲ್ಯಾಪ್‌ಟಾಪ್ 16:10 ಇದ್ದು, ಸ್ಕ್ರೀನ್‌ಶಾಟ್ 1920×1080 ಆಗಿದ್ದರೆ, ಮೂಲೆಗೆ ಎಳೆದಾಗ ಅಕ್ಷರಗಳೆಲ್ಲ ಶೇಕಡಾ 11ರಷ್ಟು ಉದ್ದವಾಗುತ್ತವೆ. ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ. 1920×1200ರಲ್ಲಿ ಹೊಸದಾಗಿ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಲೇಯರ್ ಅನ್ನು Smart Object ಮಾಡಿಕೊಂಡು ಆಮೇಲೆ Edit > Transform > Distort. ನಾಳೆ ಆ್ಯಪ್‌ನವರು ಬಟನ್ ಬಣ್ಣ ಬದಲಿಸಿದರೆ ಒಳಗಿನ ಚಿತ್ರ ಮಾತ್ರ ಬದಲಿಸಿದರಾಯಿತು, ಮೂಲೆಗಳು ಕೂತಲ್ಲೇ ಇರುತ್ತವೆ.

ಈಗ ಹೊಳಪು. ಮೂಲ ಫೋಟೋದ ಪರದೆ ಭಾಗವನ್ನು ಕಾಪಿ ಮಾಡಿ ಎಲ್ಲಕ್ಕಿಂತ ಮೇಲಿಡಿ, ಮೋಡ್ Screen. ತುಂಬಾ ಮಂಜುಮಂಜಾದರೆ ಆ ಲೇಯರ್‌ಗೆ ಮಾತ್ರ Levels ಹಾಕಿ, ಎಡಗಡೆಯ ಕಪ್ಪು ಸ್ಲೈಡರ್ ಸ್ವಲ್ಪ ಒಳಗೆ ತಳ್ಳಿ. ಪೂರ್ತಿ ತಳ್ಳಬೇಡಿ. ಆಫ್ ಪರದೆಯ ಆ ತೆಳು ಬೂದು ಬಣ್ಣವೇ ಕೋಣೆಯ ಬೆಳಕು. ಅದು ಹೋದರೆ ಆ್ಯಪ್‌ನ ಕಪ್ಪು ಅಕ್ಷರಗಳು ಪಕ್ಕದ ಫ್ರೇಮ್‌ಗಿಂತಲೂ ಕಪ್ಪಾಗುತ್ತವೆ. ಸ್ಟಿಕ್ಕರ್ ಹಾಗೆ ಕಾಣುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಸರಿಯಾಯಿತಾ ಎಂದು ನೋಡಲು ಪರದೆಯ ಅಂಚಿಗೆ ಜೂಮ್ ಮಾಡಿ. ಗಾಜು ಫ್ರೇಮ್‌ವರೆಗೂ ಒಂದೇ ಆಗಿದ್ದರೆ, ಫ್ರೇಮ್ ಮೇಲಿನ ಕಿಟಕಿಯ ಗೆರೆ ಮುರಿಯದೆ ಪರದೆಯ ಒಳಕ್ಕೆ ಮುಂದುವರಿಯಬೇಕು.

ಕೊನೆಗೆ, ಸ್ಕ್ರೀನ್‌ಶಾಟ್ ಫೋಟೋಗಿಂತ ಚೂಪಾಗಿರುತ್ತದೆ. Gaussian Blur 0.3ರಿಂದ 0.5 ಪಿಕ್ಸೆಲ್ ಕೊಟ್ಟು, 100% ಜೂಮ್‌ನಲ್ಲಿ ಕೀಬೋರ್ಡ್ ಅಕ್ಷರಗಳ ಜೊತೆ ಹೋಲಿಸಿ. ಓರೆ ಫೋಟೋದಲ್ಲಿ ದೂರದ ಅಂಚು ಮಸುಕಾಗಿದ್ದರೆ ಅಲ್ಲಿ ಸ್ವಲ್ಪ ಜಾಸ್ತಿ.

ಮೊಬೈಲ್ ಕವರ್ ಮಾರುವವರು: ಇಷ್ಟೆಲ್ಲ ಯಾಕೆ, ಆ್ಯಪ್ ತೆರೆದಿಟ್ಟುಕೊಂಡೇ ಫೋಟೋ ತೆಗೆಯಬಾರದೇ? ನಾನು ಫೋನಿಗೆ ಹಾಗೇ ಮಾಡುತ್ತೇನೆ. ಒಮ್ಮೊಮ್ಮೆ ಪಟ್ಟೆಪಟ್ಟೆ ಬರುತ್ತದೆ ಅಷ್ಟೇ. ಅಂದಹಾಗೆ, ಒಂದೆರಡು ಫೋಟೋದಲ್ಲಿ ನಾನೂ ಸ್ಕ್ರೀನ್‌ಶಾಟ್ ಕೂರಿಸಿದ್ದೆ. ಮೂಲೆಗಳು ದುಂಡಗಿರುವುದರಿಂದ ಸರಿಯಾಗಿ ಕೂರಲೇ ಇಲ್ಲ. ಹೆಬ್ಬೆರಳು ಬೇರೆ ಅಡ್ಡ ಇತ್ತು.

ಕ್ಯಾಟಲಾಗ್ ಫೋಟೋ ಎಡಿಟರ್: ಆ ಪಟ್ಟೆಗಾಗಿಯೇ ಇಷ್ಟೆಲ್ಲ! ದುಂಡು ಮೂಲೆಗೆ Distort ಬಿಂದು ಇಡಬೇಡಿ. ನಾಲ್ಕೂ ನೇರ ಅಂಚುಗಳ ಉದ್ದಕ್ಕೆ ಗೆರೆ ಎಳೆಯಿರಿ. ಅವು ಎಲ್ಲಿ ಕೂಡುತ್ತವೋ, ಅಂದರೆ ದುಂಡಿನಿಂದ ಸ್ವಲ್ಪ ಹೊರಗೆ, ಅಲ್ಲಿಗೆ ಮೂಲೆ ತನ್ನಿ. ಆಮೇಲೆ ದುಂಡಗಿನ ಆಕಾರಕ್ಕೆ ಮಾಸ್ಕ್ ಮಾಡಿ. ಹೆಬ್ಬೆರಳನ್ನೂ ಅದೇ ಮಾಸ್ಕ್‌ನಲ್ಲಿ ಹೊರಗಿಡಿ. ಮೇಲಿನ ಹೊಳಪಿನ ಲೇಯರ್‌ಗೂ ಆ ಮಾಸ್ಕ್ ಬೇಕು. ಇಲ್ಲದಿದ್ದರೆ ಬೆರಳು ಎರಡು ಸಲ ಸೇರಿ ಬೆಳ್ಳಗಾಗುತ್ತದೆ.

ಜಿಂಪ್ ಬಳಸುವವರು: ಜಿಂಪ್‌ನಲ್ಲಿ Perspective ಟೂಲ್, Shift+P. ಮೂಲೆಗಳನ್ನೆಲ್ಲ ಒಂದೇ ಸಲಕ್ಕೆ ಸರಿಮಾಡಿ Transform ಒತ್ತಿ. ಒತ್ತಿದ ಮೇಲೆ ಮತ್ತೆ ಮತ್ತೆ ಎಳೆದರೆ ಚಿತ್ರ ಪ್ರತಿ ಸಲವೂ ಮಸುಕಾಗುತ್ತದೆ.

ಕೇಳಿದವರು: Screen ಹಾಕಿ, ಕಪ್ಪು ಸ್ಲೈಡರ್ ಅರ್ಧಕ್ಕೆ ನಿಲ್ಲಿಸಿದೆ. ಸ್ಟಿಕ್ಕರ್ ಹೋಯಿತು! ಆದರೆ ಕಿಟಕಿ ಸರಿಯಾಗಿ 'ಒಟ್ಟು ಮೊತ್ತ'ದ ಮೇಲೆ ಬಿದ್ದಿದೆ. ಆ್ಯಪ್‌ನವರು ಹೊಳಪೇ ಬೇಡ ಅನ್ನುತ್ತಿದ್ದಾರೆ.

ಕ್ಯಾಟಲಾಗ್ ಫೋಟೋ ಎಡಿಟರ್: ಹೊಳಪಿನ ಮಾಸ್ಕ್‌ನಲ್ಲಿ ಮೆತ್ತನೆಯ ದೊಡ್ಡ ಬ್ರಷ್‌ನಿಂದ ಅಂಕಿಗಳ ಮೇಲೆ ಮಾತ್ರ ತೆಳುಮಾಡಿ. ಅಂಚಿನ ಹತ್ತಿರ ಮುಟ್ಟಬೇಡಿ.

ಡಿಸೈನ್ ಕಲಿಯುತ್ತಿರುವವರು: ಹಾಗೆ ಮಾಡಿದರೆ ಕಿಟಕಿಯ ನಡುವೆ ತೂತು ಬಿದ್ದ ಹಾಗೆ ಕಾಣುವುದಿಲ್ಲವೇ? ಇಡೀ ಲೇಯರ್‌ನ Opacity ಇಳಿಸುವುದೇ ವಾಸಿ.

ಕ್ಯಾಟಲಾಗ್ ಫೋಟೋ ಎಡಿಟರ್: ಇಡೀ ಲೇಯರ್ ಇಳಿಸಿದರೆ ಫ್ರೇಮ್ ಮೇಲೆ ಹೊಳಪು ಜೋರು, ಒಳಗೆ ಮಂಕು, ಅಂಚಲ್ಲಿ ಗೆರೆ ಮುರಿಯುತ್ತದೆ. ಆದರೂ ಕಿಟಕಿಯ ಆಕಾರ ಚೂಪಾಗಿದ್ದರೆ ನೀವು ಹೇಳಿದ ತೂತಿನ ತೊಂದರೆ ನಿಜ. ಎರಡನ್ನೂ ಮಾಡಿ ಪಕ್ಕಪಕ್ಕ ಇಟ್ಟು ಹಾಕಿ, ನೋಡೋಣ.