ತಿಂಗಳು ತಿಂಗಳೂ ಕಡಿತವಾಗುವ ಸಣ್ಣ ಮೊತ್ತ: ಮೂಲ ಪತ್ತೆ ಮಾಡಿದವರ ಅನುಭವಗಳು

ಕೇಳಿದವರು, ಯಾದಗಿರಿ: ನನ್ನ ತಂಗಿ ಪದವಿ ಓದುತ್ತಿದ್ದಾಳೆ. ಅವಳ ಉಳಿತಾಯ ಖಾತೆಯಿಂದ ಪ್ರತಿ ತಿಂಗಳೂ 89 ರೂಪಾಯಿ ಹೋಗುತ್ತಿದೆ. ಸ್ಟೇಟ್‌ಮೆಂಟಿನಲ್ಲಿರುವ ಕಂಪನಿಯ ಹೆಸರನ್ನು ನಾವು ಕೇಳಿಯೇ ಇಲ್ಲ. ಇಂಥದ್ದನ್ನು ಹುಡುಕಿ ನಿಲ್ಲಿಸಿದವರು ದಯವಿಟ್ಟು ದಾರಿ ತಿಳಿಸಿ.

ಮೊಬೈಲ್ ಅಂಗಡಿಯವರು, ಬೀದರ್: ಹೆಚ್ಚು ಯೋಚಿಸಬೇಡಿ, ಎಟಿಎಂ ಕಾರ್ಡನ್ನು ಬ್ಲಾಕ್ ಮಾಡಿಸಿ ಹೊಸದನ್ನು ಪಡೆಯಿರಿ. ಸಿನಿಮಾ ನೋಡುವ ಆ್ಯಪ್ ಒಂದಕ್ಕೆ ನನ್ನ ಕಾರ್ಡಿನಿಂದ ತಿಂಗಳಿಗೆ 149 ರೂಪಾಯಿ ಹೋಗುತ್ತಿತ್ತು. ಹಬ್ಬದ ವ್ಯಾಪಾರದ ಹೊತ್ತಿನಲ್ಲೇ ಕಾರ್ಡ್ ಬದಲಿಸಿದೆ, ಹೊಸ ಕಾರ್ಡಿನ ಶುಲ್ಕವನ್ನೂ ಕಟ್ಟಿದೆ, ಆ ಕಡಿತ ಅಂದಿಗೇ ನಿಂತಿತು. ನನ್ನ ಅಂಗಡಿಗೆ ಬರುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ: ಅಣ್ಣಾ, ಕಾರ್ಡ್ ಬದಲಿಸಿದರೆ ಎಲ್ಲರಿಗೂ ನಿಲ್ಲುವುದಿಲ್ಲ. ನನ್ನ ಕಾರ್ಡಿನ ಅವಧಿ ಮುಗಿದು ಹೊಸದು ಬಂದ ಮೇಲೂ ನನ್ನ 59 ರೂಪಾಯಿ ತಪ್ಪದೆ ಹೋಗುತ್ತಿತ್ತು, ಏಕೆಂದರೆ ಆ ಹಣ ಕಾರ್ಡಿನಿಂದ ಅಲ್ಲ, ಯುಪಿಐ ಆಟೋಪೇ ಮೂಲಕ ಹೋಗುತ್ತಿತ್ತು.

ವಿದ್ಯಾರ್ಥಿವೇತನ ಜಮೆಯಾಯಿತೇ ಎಂದು ನೋಡಲು ಸ್ಟೇಟ್‌ಮೆಂಟ್ ತೆಗೆಸಿದಾಗ ಈ ಮೊತ್ತ ಕಣ್ಣಿಗೆ ಬಿತ್ತು. 50 ರೂಪಾಯಿಗೆ ಶೇ. 18ರಷ್ಟು ಜಿಎಸ್‌ಟಿ ಸೇರಿಸಿದರೆ ಸರಿಯಾಗಿ 59 ಆಗುವುದರಿಂದ ಇದು ಬ್ಯಾಂಕಿನದೇ ಶುಲ್ಕವೆಂದು ಹಾಸ್ಟೆಲಿನಲ್ಲಿ ಎಲ್ಲರೂ ಹೇಳಿದರು. ಶಾಖೆಯಲ್ಲಿ ವಿಚಾರಿಸಿದಾಗ, ಆ ಸಾಲಿನಲ್ಲಿ ಯುಪಿಐ ಎಂದಿರುವುದನ್ನು ತೋರಿಸಿ, ಇದು ನೀವೇ ಯಾರಿಗೋ ಕೊಟ್ಟ ಅನುಮತಿಯ ಮೇಲೆ ಹೋದ ಹಣ ಎಂದರು. ಸಾಲಿನಲ್ಲಿದ್ದ ಹೆಸರಿನ ಯಾವ ಆ್ಯಪ್ ಕೂಡ ನನ್ನ ಫೋನಿನಲ್ಲಿ ಇರಲಿಲ್ಲ. ಆ್ಯಪ್‌ನ ಹೆಸರೊಂದು, ಅದನ್ನು ನಡೆಸುವ ಕಂಪನಿಯ ಹೆಸರೊಂದು, ಹಣ ವಸೂಲಿ ಮಾಡಿಕೊಡುವ ಮಧ್ಯವರ್ತಿಯ ಹೆಸರು ಇನ್ನೊಂದು ಇರುತ್ತದೆ ಎಂಬುದು ನನಗೆ ತಿಳಿದದ್ದೇ ಆಗ.

ಪ್ಲೇ ಸ್ಟೋರಿನ Payments & subscriptions ಒಳಗೆ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ನಾನು ಬಳಸುವ ಯುಪಿಐ ಆ್ಯಪ್‌ನ Autopay ವಿಭಾಗವೂ ಖಾಲಿಯಾಗಿತ್ತು. ದಾರಿ ಸಿಕ್ಕಿದ್ದು ಕಡಿತ ಎಂದು ಆರಂಭವಾಯಿತೆಂದು ಹಿಂದಕ್ಕೆ ಹುಡುಕುತ್ತ ಹೋದಾಗ. ಮೊದಲ 59 ರೂಪಾಯಿಗಿಂತ ಕೆಲವೇ ದಿನ ಮುಂಚೆ, ಅದೇ ಹೆಸರಿಗೆ 1 ರೂಪಾಯಿ ಹೋಗಿತ್ತು. ಆ ದಿನಾಂಕದ ಎಸ್‌ಎಂಎಸ್‌ಗಳನ್ನು ತೆರೆದಾಗ ಆಟೋಪೇ ಅನುಮತಿಯ ಸಂದೇಶ ಕಾಣಿಸಿತು, ಅದೇ ದಿನದ ಇಮೇಲಿನಲ್ಲಿ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಆ್ಯಪ್ ಒಂದರ ಸ್ವಾಗತ ಪತ್ರವಿತ್ತು. ವಿದ್ಯಾರ್ಥಿವೇತನದ ಅರ್ಜಿಗೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ಪಿಡಿಎಫ್ ಮಾಡಲು ಅದನ್ನು ಹಾಕಿಕೊಂಡಿದ್ದೆ, ಕೆಲಸವಾದ ಮೇಲೆ ತೆಗೆದುಹಾಕಿದ್ದೆ. ಪುಟದ ಮೇಲಿನ ಮುದ್ರೆ ಹೋಗಬೇಕಾದರೆ 1 ರೂಪಾಯಿಯ ಪ್ರಯೋಗಾವಧಿ ಪಡೆಯಿರಿ ಎಂದು ಅದು ಕೇಳಿತ್ತು. ಆ್ಯಪ್ ತೆಗೆದರೂ ಅನುಮತಿ ಉಳಿದಿತ್ತು.

ಅನುಮತಿ ನೀಡಿದ್ದು ನಾನು ಆಗ ಬಳಸುತ್ತಿದ್ದ ಬೇರೊಂದು ಯುಪಿಐ ಆ್ಯಪ್‌ನಿಂದ. ಅದನ್ನೂ ಫೋನಿನಿಂದ ತೆಗೆದಿದ್ದರಿಂದ ಕಡಿತಕ್ಕೆ ಮುಂಚೆ ಬರಬೇಕಾದ ಸೂಚನೆ ಅದರಲ್ಲಿ ಬಂದಿದ್ದರೂ ನೋಡುವವರು ಇರಲಿಲ್ಲ. ಅದೇ ಸಿಮ್ಮಿನಿಂದ ಅದನ್ನು ಮತ್ತೆ ಹಾಕಿಕೊಂಡು Autopay ತೆರೆದಾಗ ಎಲ್ಲವೂ ಸಿಕ್ಕಿತು. ನನಗೆ ಸಿಟ್ಟು ಬಂದದ್ದು ಅಲ್ಲಿದ್ದ ವಿವರಗಳನ್ನು ಓದಿದಾಗ: ಕಡಿತ 59 ರೂಪಾಯಿ ಆಗುತ್ತಿದ್ದರೂ ಗರಿಷ್ಠ ಮಿತಿ 499 ಎಂದಿತ್ತು, ಮುಕ್ತಾಯದ ದಿನಾಂಕ ದಶಕಗಳಾಚೆ ಇತ್ತು. Revoke ಒತ್ತಿ ಯುಪಿಐ ಪಿನ್ ಕೊಟ್ಟೆ, ರದ್ದಾದ ಸಂದೇಶ ಬಂತು, ಮುಂದಿನ ತಿಂಗಳು ಏನೂ ಹೋಗಲಿಲ್ಲ. ಹಿಂದೆ ಹೋದ ಹಣದಲ್ಲಿ ಕೊನೆಯ ತಿಂಗಳದ್ದನ್ನು ಮಾತ್ರ ಕಂಪನಿ ಮರಳಿಸಿತು. ನನಗೆ ತಿಂಗಳಿಗೆ 59 ರೂಪಾಯಿ ಎಂದರೆ ಮೆಸ್ಸಿನ ಒಂದು ಊಟದ ದುಡ್ಡು.

ಒಬ್ಬ ತಂದೆ, ಶಹಾಪುರ: ನನ್ನ ಖಾತೆಯಿಂದಲೂ ಹೇಳದೆ ಕೇಳದೆ 436 ರೂಪಾಯಿ ತೆಗೆದಿದ್ದಾರೆ, ಅದರ ಜೊತೆಗೆ 20 ರೂಪಾಯಿ ಬೇರೆ. ಮ್ಯಾನೇಜರರ ಬಳಿ ಹೋದರೆ ವಿಮೆ ಎನ್ನುತ್ತಾರೆ. ಬಿತ್ತನೆ ಬೀಜ ಕೊಳ್ಳಲು ಇಟ್ಟಿದ್ದ ಹಣ ಅದು. ಬಸ್ ಚಾರ್ಜು ಕೊಟ್ಟು ಹೋಗಿ, ಸರತಿಯಲ್ಲಿ ನಿಂತು, ಕೊನೆಗೆ ಊಟದ ಬಿಡುವು ಎಂದು ಕಿಟಕಿ ಮುಚ್ಚಿದರು. ಎಲ್ಲವೂ ಬ್ಯಾಂಕಿನವರದೇ ಕೆಲಸ, ಆ್ಯಪ್ ಎನ್ನುವುದು ನೆಪ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕಲಬುರಗಿ: ಯಜಮಾನರೇ, ತಾವು ಹೇಳುತ್ತಿರುವುದು ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಗಳ ಕಂತು. ಅವು ವರ್ಷಕ್ಕೊಮ್ಮೆ ಕಡಿತವಾಗುತ್ತವೆ, ಇಲ್ಲಿ ಕೇಳಿರುವುದು ತಿಂಗಳ ಕಡಿತದ ಬಗ್ಗೆ. ಬೇಡವೆಂದರೆ ಶಾಖೆಗೆ ಬರೆದುಕೊಟ್ಟು ನಿಲ್ಲಿಸಬಹುದು, ಆದರೆ ಅದು ಮನೆಯವರಿಗೆ ಇರುವ ವಿಮೆ ಎಂಬುದನ್ನು ನೆನಪಿಡಿ.

ಬೀದರಿನವರ ಮಾತು ಅರ್ಧ ಸರಿ. ಅವರ ಅನುಮತಿ ಕಾರ್ಡಿನ ಮೇಲೆ ಇತ್ತು, ಆದ್ದರಿಂದ ಕಾರ್ಡ್ ಹೋದಾಗ ಅದೂ ಹೋಯಿತು. ಯುಪಿಐ ಅನುಮತಿ ಖಾತೆಗೆ ಜೋಡಿಸಿದ ಯುಪಿಐ ಐಡಿಯ ಮೇಲೆ ನಿಂತಿರುತ್ತದೆ, ಪಿನ್ ಬದಲಿಸಿದರೂ ಅದು ಹೋಗುವುದಿಲ್ಲ. ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಾಮಾನ್ಯವಾಗಿ 15,000 ರೂಪಾಯಿಯವರೆಗೆ ಪ್ರತಿ ಸಲ ಒಟಿಪಿ ಅಥವಾ ಪಿನ್ ಕೇಳುವುದಿಲ್ಲವಾದ್ದರಿಂದ, ಆ ಸೂಚನೆಯನ್ನು ಓದದವರಿಗೆ ಬೇರೆ ಎಚ್ಚರಿಕೆ ಸಿಗುವುದಿಲ್ಲ.

ಮೊಬೈಲ್ ಅಂಗಡಿಯವರು, ಬೀದರ್: ಅರ್ಧ ಸರಿ ಎನ್ನುವುದು ಸುಲಭ, ಸರ್. ನನ್ನ ಹಣ ನಿಂತಿದೆ, ನಿಂತದ್ದು ನಿಂತದ್ದೇ. ಸ್ಟೇಟ್‌ಮೆಂಟಿನಲ್ಲಿ ಜನರಿಗೆ ಅರ್ಥವಾಗುವ ಹೆಸರನ್ನು ಬರೆಯದವರು ಯಾರು? ನಿಮ್ಮ ಬ್ಯಾಂಕುಗಳೇ ಅಲ್ಲವೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಕಲಬುರಗಿ: ವಸೂಲಿ ಮಾಡುವವರು ಕಳಿಸಿದ ಹೆಸರೇ ಅಲ್ಲಿ ಮುದ್ರಣವಾಗುತ್ತದೆ. ಕೌಂಟರಿನಲ್ಲಿ ಕುಳಿತವರನ್ನು ಬೈದರೆ ಆ ಹೆಸರು ಬದಲಾಗುವುದಿಲ್ಲ. ಮೂರು ದಶಕ ಆ ಕುರ್ಚಿಯಲ್ಲಿ ಕುಳಿತು ಇಂಥ ಮಾತುಗಳನ್ನು ಕೇಳಿದ್ದೇನೆ.

ಬಿ.ಇಡಿ. ವಿದ್ಯಾರ್ಥಿ, ಸುರಪುರ: ನಾನು ಖಾತೆಯನ್ನೇ ಖಾಲಿ ಇಟ್ಟೆ. ಹಣ ಬಂದ ತಕ್ಷಣ ತಮ್ಮನ ಖಾತೆಗೆ ಹಾಕುತ್ತಿದ್ದೆ. ಒಂದು ತಿಂಗಳು ಕಡಿತ ವಿಫಲವಾಯಿತು, ಮರುತಿಂಗಳು ವಿದ್ಯಾರ್ಥಿವೇತನ ಬಿದ್ದ ದಿನವೇ ಹಣ ಹೋಯಿತು. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ನನಗೆ ಪೂರ್ಣ ಹಣ ಬಂತು, ಆದ್ದರಿಂದ ಒಂದು ತಿಂಗಳದ್ದಕ್ಕೆ ಒಪ್ಪಿಕೊಂಡ ತಂಗಿ ಅವಸರಪಟ್ಟಳೆಂದೇ ಹೇಳುತ್ತೇನೆ.

ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ: ನಾನು ಒಪ್ಪಿಕೊಂಡಿಲ್ಲ, ಅಣ್ಣಾ. ಚಂದಾದಾರರಾಗುವುದನ್ನು ಸುಲಭ ಮಾಡಿ ಬಿಡುವುದನ್ನು ಕಷ್ಟ ಮಾಡುವುದು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿತ ತಂತ್ರಗಳಲ್ಲೊಂದು. ಅದನ್ನು ಉಲ್ಲೇಖಿಸಿಯೇ ಕಂಪನಿಗೆ ಬರೆದಿದ್ದೇನೆ. ಆ್ಯಪ್‌ನ ಒಳಗೆ ರದ್ದು ಮಾಡುವ ಗುಂಡಿ ಇತ್ತು, ನೀವೇ ಒತ್ತಲಿಲ್ಲ ಎಂದು ಅವರು ಉತ್ತರಿಸಿದ್ದಾರೆ. ಆ ಗುಂಡಿ ಯಾವ ಪುಟದಲ್ಲಿತ್ತೆಂದು ಚಿತ್ರ ಕಳಿಸಲು ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಕೇಳಿದವರು, ಯಾದಗಿರಿ: ತಂಗಿಯ ಸ್ಟೇಟ್‌ಮೆಂಟಿನಲ್ಲಿ ಮೊದಲ 89ಕ್ಕಿಂತ ಮುಂಚೆ 2 ರೂಪಾಯಿ ಹೋಗಿರುವುದು ಕಂಡಿತು. ಆಗ ಅವಳು ಬಳಸುತ್ತಿದ್ದುದು ನಮ್ಮ ಅವ್ವನ ಫೋನು. ಇವತ್ತು ಸಂಜೆ ಅವಳ ಸಿಮ್ಮನ್ನು ಅದಕ್ಕೆ ಹಾಕಿ ನೋಡುತ್ತೇವೆ.